ನಿಮ್ಮ ಮದುವೆ ಫೋಟೋಗಳಿಗೆ ಹೊಸ ಹೆಸರು: ಅದನ್ನು ಓದುವುದು ಹೇಗೆ, ಬದಲಿಸಿದ್ದು ಯಾಕೆ

ನಮಸ್ಕಾರ. ಈ ತಿಂಗಳಿಂದ ನಮ್ಮ ಸ್ಟುಡಿಯೋದ ಪೆನ್‌ಡ್ರೈವ್ ತೆರೆದರೆ ನಿಮಗೆ `IMG_4512.JPG` ಅನ್ನುವ ಥರದ ಹೆಸರು ಕಾಣುವುದಿಲ್ಲ. ಅದರ ಜಾಗದಲ್ಲಿ ಹೀಗೊಂದು ಉದ್ದದ ಹೆಸರು ಇರುತ್ತದೆ:

```
2025-05-11_K0147_04DHARE_0623.jpg
```

ಹೊಸ ಹೆಸರಿನ ಮೊದಲ ಪೆನ್‌ಡ್ರೈವ್ ತೆಗೆದುಕೊಂಡು ಹೋದವರು ಅದೇ ದಿನ ಸಂಜೆ ಫೋನ್ ಮಾಡಿ, "ಸರ್, ಇದರಲ್ಲಿ ವೈರಸ್ ಏನಾದರೂ ಸೇರಿಕೊಂಡಿದೆಯಾ?" ಅಂತ ಕೇಳಿದರು. ಇಲ್ಲ. ಈ ಹೆಸರನ್ನು ನಾವೇ ಯೋಚನೆ ಮಾಡಿ ಇಟ್ಟಿದ್ದೇವೆ. ಇದನ್ನು ಓದುವುದು ಹೇಗೆ, ಹಳೆಯ ಹೆಸರಿನಲ್ಲಿ ಏನು ತೊಂದರೆ ಇತ್ತು, ಇನ್ನು ಮುಂದೆ ಆಲ್ಬಮ್‌ಗೆ ಫೋಟೋ ಆರಿಸಿ ಕಳಿಸುವುದು ಹೇಗೆ ಅನ್ನುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಮೇಲಿನ ಹೆಸರು, ಮುಂದೆ ಬರುವ ಲೆಕ್ಕ ಎರಡೂ ಉದಾಹರಣೆಗೆ ಮಾತ್ರ.

## ಹಳೆಯ ನಂಬರ್ ಇಟ್ಟಿದ್ದು ಯಾರು?

ಕಂಪ್ಯೂಟರಿನಲ್ಲಿ ಒಂದೊಂದು ಫೋಟೋವೂ ಒಂದೊಂದು ಫೈಲ್. ಪ್ರತಿ ಫೈಲಿಗೂ ಒಂದು ಹೆಸರು ಬೇಕೇ ಬೇಕು. ಇಷ್ಟು ದಿನ ಆ ಹೆಸರನ್ನು ನಾವು ಇಡುತ್ತಿರಲಿಲ್ಲ, ಕ್ಯಾಮೆರಾ ಇಡುತ್ತಿತ್ತು. ಫೋಟೋ ತೆಗೆದ ಕ್ಷಣದಲ್ಲೇ ಅದು ಮುಂದಿನ ನಂಬರ್ ಹಾಕಿ ಕಾರ್ಡಿನಲ್ಲಿ ಇಟ್ಟುಬಿಡುತ್ತದೆ.

ಈ ಪದ್ಧತಿ 1998ರಲ್ಲಿ ಜಪಾನಿನಲ್ಲಿ ರೂಪಿಸಿದ ಒಂದು ನಿಯಮದಿಂದ ಬಂದದ್ದು. ಯಾವ ಕಂಪನಿಯ ಕ್ಯಾಮೆರಾದ ಕಾರ್ಡನ್ನು ಎಲ್ಲಿ ಹಾಕಿದರೂ ಫೋಟೋ ತೆರೆದುಕೊಳ್ಳಬೇಕು ಅನ್ನುವುದು ಅದರ ಉದ್ದೇಶ. ಹೆಸರಿಗೆ ಅದರಲ್ಲಿ ಒಟ್ಟು ಎಂಟೇ ಅಕ್ಷರದ ಜಾಗ ಇದೆ. ಮೊದಲ ನಾಲ್ಕನ್ನು ಕಂಪನಿಯವರು ತಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಹಾಗಾಗಿಯೇ ಕ್ಯಾನನ್‌ನಲ್ಲಿ `IMG_`, ನಿಕಾನ್‌ನಲ್ಲಿ `DSC_` ಅಂತ ಬರುತ್ತದೆ. ಉಳಿದ ನಾಲ್ಕು ಅಂಕಿ. ಅದು 0001ರಿಂದ 9999ರವರೆಗೆ ಹೋಗಿ ಮತ್ತೆ 0001ಕ್ಕೆ ವಾಪಸ್ಸಾಗುತ್ತದೆ.

ಅಂದರೆ ಆ ನಂಬರಿಗೂ ನಿಮ್ಮ ಮದುವೆಗೂ ಯಾವ ಸಂಬಂಧವೂ ಇಲ್ಲ. ಆ ಕ್ಯಾಮೆರಾ ಅಲ್ಲಿಯವರೆಗೆ ಎಷ್ಟು ಫೋಟೋ ತೆಗೆದಿತ್ತೋ ಅದರ ಮುಂದಿನ ಎಣಿಕೆ ಅಷ್ಟೇ. ಒಂದು ಮದುವೆಗೆ ಒಂದು ಕ್ಯಾಮೆರಾದಲ್ಲಿ 2,000 ಫೋಟೋ ತೆಗೆದರೆ, ಐದು ಮದುವೆಗೆ ಒಂದು ಸುತ್ತು ಮುಗಿಯುತ್ತದೆ. ಆ ಸುತ್ತು ಯಾರದೋ ಮದುವೆಯ ನಡುವೆ ಮುಗಿಯಲೇಬೇಕು ಅಲ್ವಾ? ಬೆಳಗಿನ ಧಾರೆ 9870ರಲ್ಲಿ, ಮಧ್ಯಾಹ್ನದ ಭೂಮದೂಟ 0140ರಲ್ಲಿ ಬಂದರೆ, ಕಂಪ್ಯೂಟರು ಊಟವನ್ನು ಮೊದಲು ತೋರಿಸಿ ಧಾರೆಯನ್ನು ಆಮೇಲೆ ತೋರಿಸುತ್ತದೆ.

## ಒಂದೇ ನಂಬರಿನ ಎರಡು ಫೋಟೋ

ಕ್ರಮ ತಪ್ಪುವುದು ಬರೀ ಕಿರಿಕಿರಿ. ನಿಜವಾಗಿ ನಷ್ಟ ಮಾಡುವ ತೊಂದರೆ ಬೇರೆ ಇದೆ.

ಬೆಂಗಳೂರಿನ ಯಾವುದಾದರೂ ಬಡಾವಣೆಗೆ ಹೋಗಿ "45ನೇ ನಂಬರ್ ಮನೆ ಎಲ್ಲಿ?" ಅಂತ ಕೇಳಿ. "ಯಾವ ಕ್ರಾಸು, ಯಾವ ಮೈನು?" ಅಂತಲೇ ಮೊದಲು ಕೇಳುತ್ತಾರೆ. ಯಾಕೆಂದರೆ 45ನೇ ನಂಬರಿನ ಮನೆ ಹಲವು ರಸ್ತೆಗಳಲ್ಲಿ ಇರುತ್ತದೆ. `IMG_4512` ಅನ್ನುವುದೂ ಬರೀ ಮನೆ ನಂಬರ್. ಒಂದು ಮದುವೆಗೆ ನಮ್ಮಿಂದ ಮೂರು ಕ್ಯಾಮೆರಾ ಬಂದರೆ, ಆ ಮೂರರಲ್ಲೂ 4512 ಇರಬಹುದು. ಕ್ರಾಸು, ಮೈನು ಯಾವುದೂ ಆ ಹೆಸರಿನಲ್ಲಿ ಇಲ್ಲ.

ನಾವು ಒಂದೊಂದು ಕ್ಯಾಮೆರಾದ ಫೋಟೋಗಳನ್ನು ಒಂದೊಂದು ಫೋಲ್ಡರಿನಲ್ಲಿ ಹಾಕಿ ಕೊಡುತ್ತಿದ್ದೆವು. ಫೋಲ್ಡರ್ ಬೇರೆ ಬೇರೆ ಇರುವ ತನಕ ಏನೂ ಆಗುವುದಿಲ್ಲ. ಆದರೆ ಮನೆಗೆ ಹೋದ ಮೇಲೆ ಎಷ್ಟೋ ಜನ "ಎಲ್ಲ ಒಂದೇ ಕಡೆ ಇರಲಿ" ಅಂತ ಎಲ್ಲವನ್ನೂ ಒಂದೇ ಫೋಲ್ಡರಿಗೆ ಸೇರಿಸುತ್ತಾರೆ. ಆಗ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡೋಣ.

ಮೊದಲ ಕ್ಯಾಮೆರಾದ ಫೋಟೋಗಳು 4101ರಿಂದ 4600ರವರೆಗೆ ಇವೆ ಅಂತ ಇಟ್ಟುಕೊಳ್ಳಿ. ಒಟ್ಟು 500. ಅದೇ ಕಂಪನಿಯ ಎರಡನೇ ಕ್ಯಾಮೆರಾದ್ದು 4381ರಿಂದ 4780ರವರೆಗೆ, ಒಟ್ಟು 400. ಎರಡೂ ಸೇರಿ 900 ಆಗಬೇಕು. ಆದರೆ 4381ರಿಂದ 4600ರವರೆಗಿನ 220 ಹೆಸರುಗಳು ಎರಡೂ ಕಡೆ ಇವೆ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಲು ಕಂಪ್ಯೂಟರು ಬಿಡುವುದಿಲ್ಲ. ಅದು ಹಳೆಯದನ್ನು ತೆಗೆದು ಹೊಸದನ್ನು ಇಡಲಾ ಅಂತ ಕೇಳುತ್ತದೆ. ಇಂಗ್ಲಿಷಿನಲ್ಲಿ ಬರುವ ಆ ಪ್ರಶ್ನೆಯನ್ನು ಪೂರ್ತಿ ಓದದೆ `Replace` ಒತ್ತಿದರೆ, ಮೊದಲ ಕ್ಯಾಮೆರಾದ 220 ಫೋಟೋಗಳು ಆ ಫೋಲ್ಡರಿನಿಂದ ಹೋದವು. `Skip` ಒತ್ತಿದರೆ ಎರಡನೇ ಕ್ಯಾಮೆರಾದ 220 ಒಳಗೆ ಬರುವುದೇ ಇಲ್ಲ. ಯಾವುದನ್ನು ಒತ್ತಿದರೂ ಉಳಿಯುವುದು 680. ಆಮೇಲೆ ಪೆನ್‌ಡ್ರೈವನ್ನು ಬೇರೆ ಕೆಲಸಕ್ಕೆ ಅಳಿಸಿಬಿಟ್ಟರೆ ಆ ಫೋಟೋಗಳು ಮತ್ತೆ ಸಿಗುವುದಿಲ್ಲ. ಅದು ಎಷ್ಟೋ ತಿಂಗಳು ಗೊತ್ತೂ ಆಗುವುದಿಲ್ಲ. ಯಾಕೆಂದರೆ ಉಳಿದ 680 ಫೋಟೋಗಳು ಚೆನ್ನಾಗಿಯೇ ಇರುತ್ತವೆ.

ನಮ್ಮ ಕಡೆಯಿಂದಲೂ ಇದೇ ಕಾರಣಕ್ಕೆ ಒಂದು ತಪ್ಪು ಆಗಿದೆ. ಒಂದು ಮನೆಯವರು ಆಲ್ಬಮ್‌ಗೆ ಆರಿಸಿದ ನಂಬರುಗಳನ್ನು ಕಾಗದದಲ್ಲಿ ಬರೆದು ಕೊಟ್ಟಿದ್ದರು. ಅದರಲ್ಲಿ ಒಂದು ನಂಬರ್ ಅಜ್ಜಿ ಮದುಮಗಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದ ಫೋಟೋದ್ದು. ಅದೇ ನಂಬರ್ ಇನ್ನೊಂದು ಕ್ಯಾಮೆರಾದಲ್ಲೂ ಇತ್ತು. ಅದು ಊಟದ ಹಾಲಿನ ಫೋಟೋ. ನಮ್ಮ ಹುಡುಗ ಎರಡನೆಯದನ್ನು ತೆಗೆದುಕೊಂಡ, ನಾನೂ ಗಮನಿಸಲಿಲ್ಲ, ಆಲ್ಬಮ್ ಅಚ್ಚಾಗಿ ಬಂತು. ಆ ಶೀಟನ್ನು ನಮ್ಮ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆವು. ಆದರೆ ಆಲ್ಬಮ್ ತೆರೆದ ದಿನ ಆ ಅಮ್ಮನ ಮುಖ ಸಣ್ಣಗಾದದ್ದು ನನಗೆ ಇನ್ನೂ ನೆನಪಿದೆ. ಹೆಸರಿನ ಪದ್ಧತಿಯನ್ನೇ ಬದಲಿಸಬೇಕು ಅಂತ ತೀರ್ಮಾನ ಮಾಡಿದ್ದು ಅವತ್ತೇ.

## ಹೊಸ ಹೆಸರಿನ ನಾಲ್ಕು ತುಂಡು

ಹೊಸ ಹೆಸರನ್ನು ನಡುವಿನ ಅಡಿಗೆರೆ ಇರುವ ಕಡೆ ತುಂಡು ಮಾಡಿ ಓದಿ. ನಾಲ್ಕು ಭಾಗ ಸಿಗುತ್ತದೆ.

ಮೊದಲನೆಯದು `2025-05-11`, ಅಂದರೆ ದಿನಾಂಕ. ನಾವು ದಿನ, ತಿಂಗಳು, ವರ್ಷ ಅಂತ ಬರೆದು ರೂಢಿ. ಇಲ್ಲಿ ವರ್ಷ ಮೊದಲು ಬಂದಿದೆ. ಕಂಪ್ಯೂಟರು ಹೆಸರುಗಳನ್ನು ಜೋಡಿಸುವುದು ಎಡದಿಂದ ಒಂದೊಂದೇ ಅಕ್ಷರ ನೋಡಿಕೊಂಡು, ನಿಘಂಟಿನಲ್ಲಿ ಪದ ಜೋಡಿಸಿದ ಹಾಗೆ. ದಿನ ಮೊದಲು ಬಂದರೆ ಈ ವರ್ಷದ ನಾಮಕರಣ, ಹೋದ ವರ್ಷದ ಗೃಹಪ್ರವೇಶ ಎಲ್ಲ ಕಲಸಿಹೋಗುತ್ತವೆ. ವರ್ಷ ಮೊದಲು ಬಂದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಇನ್ನೊಂದು ಲಾಭವೂ ಇದೆ. `11-05-2025` ಅಂತ ಬರೆದರೆ ನಾವು ಮೇ 11 ಅಂತ ಓದುತ್ತೇವೆ, ಅಮೆರಿಕದಲ್ಲಿರುವ ನಿಮ್ಮ ಮಗ ಅಲ್ಲಿಯ ರೂಢಿಯಂತೆ ನವೆಂಬರ್ 5 ಅಂತ ಓದಬಹುದು. ವರ್ಷ ಮುಂದೆ ಬಂದರೆ ಆ ಗೊಂದಲ ಇಲ್ಲ.

ಒಂದು ಮಾತು ಗಮನಿಸಿ. ಇದು ಧಾರೆಯ ದಿನದ ದಿನಾಂಕ. ಹಿಂದಿನ ದಿನದ ಚಪ್ಪರ, ಸಂಜೆಯ ರಿಸೆಪ್ಷನ್ ಫೋಟೋಗಳಿಗೂ ಇದೇ ದಿನಾಂಕ ಇರುತ್ತದೆ. ತಪ್ಪಾಗಿದೆ ಅಂದುಕೊಳ್ಳಬೇಡಿ. ರಿಸೆಪ್ಷನ್ ರಾತ್ರಿ ಹನ್ನೆರಡು ದಾಟಿದರೆ ಒಂದೇ ಕಾರ್ಯಕ್ರಮದ ಫೋಟೋಗಳು ಎರಡು ದಿನಾಂಕಕ್ಕೆ ಹಂಚಿಹೋಗುತ್ತವೆ. ಹಾಗಾಗದಿರಲಿ ಅಂತ ಇಡೀ ಮದುವೆಗೆ ಒಂದೇ ದಿನಾಂಕ ಇಟ್ಟಿದ್ದೇವೆ. ಫೋಟೋ ತೆಗೆದ ನಿಜವಾದ ದಿನ, ಗಂಟೆ, ನಿಮಿಷ ಫೈಲಿನ ಒಳಗೆ ಹಾಗೆಯೇ ಇರುತ್ತದೆ.

ಎರಡನೆಯದು `K0147`. ಇದು ನಿಮ್ಮ ಕೆಲಸದ ನಂಬರ್. ನಿಮ್ಮ ರಸೀದಿಯ ಮೇಲೂ ಇದೇ ಇದೆ. ಒಂದೇ ಮುಹೂರ್ತಕ್ಕೆ ನಾವು ಎರಡು ಮದುವೆ ಒಪ್ಪಿಕೊಂಡಿದ್ದರೂ ಇದರಿಂದ ಬೇರೆಯಾಗುತ್ತವೆ. ಫೋನ್ ಮಾಡಿದಾಗ ಈ ನಂಬರ್ ಹೇಳಿದರೆ ಸಾಕು.

ಮೂರನೆಯದು ಕಾರ್ಯಕ್ರಮ. ಮುಂದೆ ಇರುವ ಎರಡು ಅಂಕಿ ನಿಮ್ಮ ಮನೆಯಲ್ಲಿ ನಡೆದ ಕ್ರಮ.

```
01CHAPPARA
02VARAPUJE
03RECEPTION
04DHARE
05BHOOMA
```

ಅಂಕಿ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಭೂಮದೂಟ ಎಲ್ಲಕ್ಕಿಂತ ಮೊದಲು ಬಂದು ಕೂರುತ್ತಿತ್ತು. ಈ ಪಟ್ಟಿ ಎಲ್ಲರಿಗೂ ಒಂದೇ ಅಲ್ಲ. ರಿಸೆಪ್ಷನ್ ಧಾರೆಯ ನಂತರ ಇಟ್ಟುಕೊಂಡವರಿಗೆ ಅದು `04RECEPTION` ಆಗುತ್ತದೆ. ನಿಕಾಹ್ ಇರುವ ಮನೆಗೆ `NIKAH`, `WALIMA` ಅಂತ ಇರುತ್ತದೆ. ನಿಮ್ಮ ಮನೆಯ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಪೆನ್‌ಡ್ರೈವ್ ಡಬ್ಬಿಯಲ್ಲಿ ಇಟ್ಟಿರುತ್ತೇವೆ.

ಹೆಸರನ್ನೇ ಕನ್ನಡದಲ್ಲಿ ಯಾಕೆ ಇಡಲಿಲ್ಲ ಅಂತ ಕೇಳಬಹುದು. ನನಗೂ ಅದೇ ಆಸೆ ಇತ್ತು, ಇಟ್ಟೂ ನೋಡಿದೆ. ಈಗಿನ ಕಂಪ್ಯೂಟರು, ಫೋನುಗಳಲ್ಲಿ ಕನ್ನಡದ ಹೆಸರು ಚೆನ್ನಾಗಿ ಬರುತ್ತದೆ. ಆದರೆ ಎಲ್ಲ ಟಿವಿಗಳೂ ಕನ್ನಡ ತೋರಿಸುವುದಿಲ್ಲ. ಕೆಲವು ಟಿವಿಗೆ ಪೆನ್‌ಡ್ರೈವ್ ಚುಚ್ಚಿದಾಗ ಅಕ್ಷರದ ಜಾಗದಲ್ಲಿ ಬರೀ ಚೌಕಗಳು ಬಂದವು. ಎಲ್ಲ ಫೋಟೋ ಒಟ್ಟು ಮಾಡಿ ಜಿಪ್ ಫೈಲ್ ಕಳಿಸಿದಾಗಲೂ ಕೆಲವು ಕಡೆ ಹೆಸರು ಕೆಟ್ಟು ತೆರೆದುಕೊಂಡಿತು. ಹಾಗಾಗಿ ಸದ್ಯಕ್ಕೆ ಇಂಗ್ಲಿಷ್ ಅಕ್ಷರ. ಹೆಸರಿನ ನಡುವೆ ಖಾಲಿ ಜಾಗ ಬಿಡದೆ ಅಡಿಗೆರೆ ಹಾಕಿದ್ದಕ್ಕೂ ಇಂಥದ್ದೇ ಕಾರಣ.

ನಾಲ್ಕನೆಯದು `0623`. ಇದು ಫೋಟೋ ನಂಬರ್. ಇಡೀ ಮದುವೆಗೆ ಒಂದೇ ಎಣಿಕೆ. ಚಪ್ಪರದ ಮೊದಲ ಫೋಟೋ 0001 ಆದರೆ, ಭೂಮದೂಟದ ಕೊನೆಯದು 1248 ಇರಬಹುದು. ಧಾರೆಗೆ ಮತ್ತೆ 0001ರಿಂದ ಶುರು ಮಾಡುವುದಿಲ್ಲ. ಎಷ್ಟು ಕ್ಯಾಮೆರಾ ಬಂದಿದ್ದರೂ ನಿಮ್ಮ ಮದುವೆಯಲ್ಲಿ 0623 ಅನ್ನುವ ಫೋಟೋ ಒಂದೇ ಒಂದು. 623 ಅನ್ನದೆ ಮುಂದೆ ಸೊನ್ನೆ ಹಾಕಿದ್ದೂ ಆ ನಿಘಂಟಿನ ಲೆಕ್ಕಕ್ಕಾಗಿಯೇ. ಸೊನ್ನೆ ಇಲ್ಲದಿದ್ದರೆ ಕೆಲವು ಟಿವಿಗಳು 1 ಆದ ಮೇಲೆ 10, ಆಮೇಲೆ 100, ಅದಾದ ಎಷ್ಟೋ ಹೊತ್ತಿಗೆ 2 ಅಂತ ತೋರಿಸುತ್ತವೆ.

## ತಾಳಿ ಕಟ್ಟುವ ಮೊದಲೇ ಕಣ್ಣೀರು

ಎಲ್ಲ ಕ್ಯಾಮೆರಾದ ಫೋಟೋಗಳನ್ನೂ ಒಂದೇ ಸಾಲಿಗೆ ತರಬೇಕಾದರೆ ಯಾವುದು ಮೊದಲು ಅಂತ ಗೊತ್ತಾಗಬೇಕು. ಅದಕ್ಕೆ ಫೈಲಿನ ಒಳಗೆ ಕ್ಯಾಮೆರಾ ಬರೆದಿಟ್ಟ ಸಮಯವನ್ನು ನೋಡುತ್ತೇವೆ. ಆದರೆ ಕ್ಯಾಮೆರಾದ ಗಡಿಯಾರ ಮೊಬೈಲಿನ ಥರ ತಾನಾಗಿ ಸರಿಯಾಗುವುದಿಲ್ಲ. ಗೋಡೆ ಗಡಿಯಾರದ ಹಾಗೆ ಒಂದು ಮುಂದೆ ಹೋಗುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ.

ಒಂದು ಕ್ಯಾಮೆರಾ ಸರಿಯಾಗಿದೆ, ಇನ್ನೊಂದು 4 ನಿಮಿಷ 20 ಸೆಕೆಂಡ್ ಹಿಂದೆ ಇದೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ 10:42:10ಕ್ಕೆ ಮಾಂಗಲ್ಯಧಾರಣೆ. ಮೊದಲ ಕ್ಯಾಮೆರಾ ಆ ಸಮಯವನ್ನೇ ಬರೆಯುತ್ತದೆ. ಎರಡು ಸೆಕೆಂಡ್ ಆದ ಮೇಲೆ, 10:42:12ಕ್ಕೆ, ಹುಡುಗಿಯ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ಎರಡನೇ ಕ್ಯಾಮೆರಾ ಹಿಡಿಯಿತು. ಆದರೆ ಅದು ಬರೆದುಕೊಂಡ ಸಮಯ 10:37:52. ಜೋಡಿಸಿದಾಗ ಆ ಫೋಟೋ ಜೀರಿಗೆ ಬೆಲ್ಲದ ಫೋಟೋಗಳ ನಡುವೆ ಹೋಗಿ ಕೂರುತ್ತದೆ. ತಾಳಿಗೂ ಆ ಕಣ್ಣೀರಿಗೂ ಇದ್ದ ನಂಟು ತಪ್ಪಿಹೋಗುತ್ತದೆ.

ಅದಕ್ಕೇ ನೀವು ಈಗ ಮಂಟಪದಲ್ಲಿ ಒಂದು ಹೊಸ ದೃಶ್ಯ ನೋಡುತ್ತೀರಿ. ಕೆಲಸ ಶುರು ಮಾಡುವ ಮೊದಲು ನಮ್ಮ ಹುಡುಗರೆಲ್ಲ ಒಂದೇ ಮೊಬೈಲಿನ ಗಡಿಯಾರದ ಫೋಟೋ ತೆಗೆಯುತ್ತಾರೆ, ಸೆಕೆಂಡ್ ಕಾಣುವ ಹಾಗೆ. ಸ್ಟುಡಿಯೋಗೆ ಬಂದ ಮೇಲೆ ಆ ಫೋಟೋದಲ್ಲಿ ಕಾಣುವ ಸಮಯವನ್ನೂ ಕ್ಯಾಮೆರಾ ಬರೆದ ಸಮಯವನ್ನೂ ಹೋಲಿಸುತ್ತೇವೆ. ವ್ಯತ್ಯಾಸ ಎಷ್ಟಿದೆಯೋ ಅಷ್ಟನ್ನು ಆ ಕ್ಯಾಮೆರಾದ ಎಲ್ಲ ಫೋಟೋಗಳಿಗೂ ಒಟ್ಟಿಗೆ ಕೂಡಿಸುತ್ತೇವೆ ಅಥವಾ ಕಳೆಯುತ್ತೇವೆ. ಇದಾದ ಮೇಲೆಯೇ ನಂಬರ್ ಹಾಕುವುದು.

ಇದಕ್ಕೂ ಒಂದು ಮಿತಿ ಇದೆ. ಒಂದೇ ಸೆಕೆಂಡಿನಲ್ಲಿ ಎರಡು ಕ್ಯಾಮೆರಾ ತೆಗೆದ ಫೋಟೋಗಳಲ್ಲಿ ಯಾವುದು ಮೊದಲು ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಅಂಥ ಕಡೆ ಒಂದೆರಡು ಫೋಟೋ ಹಿಂದೆ ಮುಂದೆ ಇರಬಹುದು.

## ಎಲ್ಲ ಬಂದಿದೆಯಾ ಅಂತ ನೀವೇ ನೋಡಬಹುದು

ಹಿಂದೆ ನೀವು "4513 ಆದ ಮೇಲೆ 4517 ಇದೆ, ನಡುವಿನ ಮೂರು ಎಲ್ಲಿ?" ಅಂತ ಕೇಳುತ್ತಿದ್ದಿರಿ. ಅದು ನ್ಯಾಯವಾದ ಪ್ರಶ್ನೆ. ಕಣ್ಣು ಮುಚ್ಚಿದ್ದು, ಫ್ಲ್ಯಾಷ್ ಬೀಳದೆ ಕಪ್ಪಾದದ್ದು, ಬೆಳಕು ಪರೀಕ್ಷೆಗೆ ತೆಗೆದದ್ದು ಇವನ್ನೆಲ್ಲ ನಾವು ತೆಗೆದುಹಾಕುತ್ತೇವೆ. ಹಾಗಾಗಿ ನಡುವೆ ನಂಬರ್ ಹಾರುತ್ತಿತ್ತು. ಈಗ ಬೇಡದ್ದನ್ನು ತೆಗೆದ ಮೇಲೆ ನಂಬರ್ ಹಾಕುತ್ತೇವೆ. ಆದ್ದರಿಂದ 0001ರಿಂದ ಕೊನೆಯವರೆಗೆ ಒಂದೂ ಹಾರುವುದಿಲ್ಲ.

ಇದರಿಂದ ನಿಮಗೆ ಒಂದು ಸುಲಭದ ಪರೀಕ್ಷೆ ಸಿಕ್ಕಿತು. ಕೊನೆಯ ಫೋಟೋದ ನಂಬರ್ ಎಷ್ಟೋ ಫೋಟೋಗಳ ಸಂಖ್ಯೆಯೂ ಅಷ್ಟೇ ಇರಬೇಕು. ಪೆನ್‌ಡ್ರೈವಿನ `PHOTOS` ಫೋಲ್ಡರನ್ನು ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ `Properties` ನೋಡಿ. ಒಳಗೆ ಎಷ್ಟು ಫೈಲ್ ಇವೆ ಅಂತ ಅಲ್ಲಿ ಬರೆದಿರುತ್ತದೆ. ಕೊನೆಯ ನಂಬರ್ 1248 ಇದ್ದು ಅಲ್ಲಿ 1,248 ಅಂತ ಬಂದರೆ ಎಲ್ಲ ಬಂದಿದೆ. 1,190 ಬಂದರೆ ಕಾಪಿ ಆಗುವಾಗ ಅರ್ಧದಲ್ಲಿ ಏನೋ ನಿಂತಿದೆ, ಮತ್ತೆ ಹಾಕಿಕೊಳ್ಳಿ. ಒಂದೆರಡು ಜಾಸ್ತಿ ಬಂದರೆ ಗಾಬರಿ ಬೇಡ. ಕಂಪ್ಯೂಟರು ತನ್ನ ಕೆಲಸಕ್ಕೆ ಒಂದೆರಡು ಸಣ್ಣ ಫೈಲುಗಳನ್ನು ಒಳಗೆ ಇಟ್ಟುಕೊಂಡಿರುತ್ತದೆ. ಬೇರೆ ಬೇರೆ ಕಾರ್ಯಕ್ರಮದ ಫೋಲ್ಡರುಗಳನ್ನು ಒಂದಕ್ಕೆ ಸೇರಿಸಿದರೂ ಈಗ ಯಾವ ಫೋಟೋವೂ ಇನ್ನೊಂದರ ಮೇಲೆ ಬಿದ್ದು ಅಳಿಸಿಹೋಗುವುದಿಲ್ಲ.

## ಆಲ್ಬಮ್ ಶೀಟುಗಳ ಹೆಸರು

ಆರಿಸಿದ ಫೋಟೋಗಳಿಂದ ಆಲ್ಬಮ್ ಡಿಸೈನ್ ಮಾಡುವಾಗ ಒಂದೊಂದು ಶೀಟೂ ಒಂದು ಫೈಲ್ ಆಗುತ್ತದೆ. 12x36 ಆಲ್ಬಮ್ ಅಂದರೆ ಆಲ್ಬಮ್ ಬಿಡಿಸಿ ಇಟ್ಟಾಗ ಎರಡೂ ಪುಟ ಸೇರಿ 36 ಇಂಚು ಅಗಲ, 12 ಇಂಚು ಎತ್ತರ. ಆ ಶೀಟುಗಳಿಗೆ ಹೀಗೆ ಹೆಸರಿಡುತ್ತೇವೆ:

```
2025-05-11_K0147_SHEET07_V2.jpg
```

ಕೊನೆಯ `V2` ಅಂದರೆ ಏಳನೇ ಶೀಟನ್ನು ನಿಮ್ಮ ಮಾತಿನಂತೆ ಒಂದು ಸಲ ತಿದ್ದಿದ್ದೇವೆ. ಮತ್ತೆ ತಿದ್ದಿದರೆ `V3`. ತಿದ್ದದ ಶೀಟು `V1` ಆಗಿಯೇ ಉಳಿಯುತ್ತದೆ. ಹಾಗಾಗಿ ಒಂದೇ ಆಲ್ಬಮ್‌ನಲ್ಲಿ ಕೆಲವು `V1`, ಕೆಲವು `V3` ಇದ್ದರೆ ಅದು ಸರಿಯಾಗಿಯೇ ಇದೆ. ಮೊದಲು ನಾವು ಇಂಥ ಕಡೆ `final`, `final new` ಅಂತ ಬರೆಯುತ್ತಿದ್ದೆವು. ಅವೆರಡರಲ್ಲಿ ಯಾವುದು ಕೊನೆಯದು ಅಂತ ಹದಿನೈದು ದಿನ ಬಿಟ್ಟು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ನೀವು ಒಪ್ಪಿದ ಮೇಲೆ ಆ ಶೀಟಿನ ಹೆಸರಿಗೆ `_OK` ಸೇರಿಸುತ್ತೇವೆ. ಅದು ಇಲ್ಲದ ಶೀಟು ಅಚ್ಚಿಗೆ ಹೋಗುವುದಿಲ್ಲ.

## ಫೋಟೋ ಆರಿಸಿ ಕಳಿಸುವಾಗ

ಇಲ್ಲಿ ನಿಮ್ಮ ಸಹಾಯ ಬೇಕು. ಆರಿಸಿದ ಫೋಟೋಗಳನ್ನೇ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ವಾಟ್ಸಾಪ್ ಫೋಟೋವನ್ನು ಚಿಕ್ಕದು ಮಾಡುತ್ತದೆ, ಜೊತೆಗೆ ನಾವಿಟ್ಟ ಹೆಸರನ್ನು ತೆಗೆದು ತನ್ನದೇ ಹೆಸರು ಇಡುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅದು ಹೀಗಿರುತ್ತದೆ:

```
IMG-20250620-WA0007.jpg
```

ಇದರಲ್ಲಿರುವ ದಿನಾಂಕ ಮದುವೆಯದ್ದಲ್ಲ, ಫೋಟೋ ವಾಟ್ಸಾಪ್‌ನಲ್ಲಿ ಬಂದ ದಿನದ್ದು. ಇದನ್ನು ನೋಡಿ 0623 ಯಾವುದು ಅಂತ ಹುಡುಕಲು ನಾವು ಸಾವಿರ ಫೋಟೋ ತಿರುವಿ ಹಾಕಬೇಕಾಗುತ್ತದೆ. ಧಾರೆಯ ಹೊತ್ತಿನಲ್ಲಿ ಒಂದೇ ಥರದ ಐದಾರು ಫೋಟೋ ಇರುತ್ತವೆ, ನಿಮಗೆ ಇಷ್ಟವಾದ ನಗು ಯಾವುದರಲ್ಲಿತ್ತು ಅಂತ ಚಿಕ್ಕ ಫೋಟೋ ನೋಡಿ ಹೇಳುವುದು ಕಷ್ಟ.

ಅದರ ಬದಲು ಕೊನೆಯ ನಾಲ್ಕು ಅಂಕಿಯನ್ನು ಮಾತ್ರ ಬರೆದು ಕಳಿಸಿ. ಉದಾಹರಣೆಗೆ:

```
K0147
0047, 0112, 0623, 0631
```

ಇಷ್ಟು ಸಾಕು. ದಿನಾಂಕ, ಕಾರ್ಯಕ್ರಮ ಬರೆಯುವುದು ಬೇಡ. ಯಾವುದಾದರೂ ಫೋಟೋ ದೊಡ್ಡದಾಗಿ ಬರಲೇಬೇಕು ಅಂತ ಇದ್ದರೆ ಆ ನಂಬರಿನ ಪಕ್ಕ "ದೊಡ್ಡದು" ಅಂತ ಬರೆಯಿರಿ.

ಫೋನಿನಲ್ಲಿ ಅಥವಾ ಟಿವಿಯಲ್ಲಿ ನೋಡುವಾಗ ಹೆಸರು ಪೂರ್ತಿ ಕಾಣದೆ `2025-05-11_K01...` ಅಂತ ಅರ್ಧಕ್ಕೆ ನಿಲ್ಲಬಹುದು. ಉದ್ದದ ಹೆಸರಿನಲ್ಲಿ ಇದೊಂದು ಕೊರತೆ, ನಿಮಗೆ ಬೇಕಾದ ನಂಬರೇ ಕೊನೆಯಲ್ಲಿದೆ. ಫೋನಿನಲ್ಲಾದರೆ ಫೋಟೋ ತೆರೆದು, ಅದರ ವಿವರ ತೋರಿಸುವ ಕಡೆ ಹೋದರೆ ಪೂರ್ತಿ ಹೆಸರು ಸಿಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಫೋಟೋವನ್ನು ಮೇಲಕ್ಕೆ ಸರಿಸಿದರೆ ಸಾಕು. ಟಿವಿ ನೋಡಲು ಚೆಂದ, ಆರಿಸುವ ಕೆಲಸಕ್ಕೆ ಕಂಪ್ಯೂಟರೇ ಒಳ್ಳೆಯದು.

ಇನ್ನೊಂದು ಕೋರಿಕೆ. ಫೈಲಿನ ಹೆಸರನ್ನು ನೀವು ಬದಲಿಸಬೇಡಿ. "ಚಿಕ್ಕಪ್ಪನ ಫ್ಯಾಮಿಲಿ" ಅಂತ ಹೆಸರಿಡಬೇಕು ಅನ್ನಿಸಿದರೆ ಆ ಹೆಸರಿನ ಹೊಸ ಫೋಲ್ಡರ್ ಮಾಡಿ, ಅದರೊಳಗೆ ಫೋಟೋಗಳ ಕಾಪಿ ಹಾಕಿ. ಹೆಸರಿನ ಕೊನೆಯಲ್ಲಿ `(1)` ಅಂತ ಕಂಡರೆ ಸಾಮಾನ್ಯವಾಗಿ ಅದೇ ಫೋಟೋ ಎರಡು ಸಲ ಡೌನ್‌ಲೋಡ್ ಆಗಿದೆ ಅಂತ ಅರ್ಥ.

## ಹಳೆಯ ಪೆನ್‌ಡ್ರೈವ್ ಇರುವವರಿಗೆ

ಈಗಾಗಲೇ ಕೊಟ್ಟಿರುವ ಫೋಟೋಗಳ ಹೆಸರನ್ನು ನಾವು ಬದಲಿಸುತ್ತಿಲ್ಲ. ನೀವು ಬರೆದಿಟ್ಟ ಪಟ್ಟಿ, ನಮ್ಮಲ್ಲಿರುವ ಪಟ್ಟಿ ಎರಡೂ ಹಳೆಯ ನಂಬರಿನಲ್ಲೇ ಇವೆ. ಈಗ ಬದಲಿಸಿದರೆ ಅವು ತಾಳೆಯಾಗುವುದಿಲ್ಲ. ಹಳೆಯ ಫೋಟೋಗಳಿಂದ ಆಲ್ಬಮ್‌ಗೆ ಇನ್ನೂ ಆರಿಸುತ್ತಿರುವವರು ನಂಬರಿನ ಜೊತೆ ಫೋಲ್ಡರಿನ ಹೆಸರನ್ನೂ ಬರೆಯಿರಿ, `CAM2 4512` ಅನ್ನುವ ಹಾಗೆ. ಆ ಫೋಲ್ಡರುಗಳನ್ನು ಒಂದಕ್ಕೆ ಸೇರಿಸುವ ಯೋಚನೆ ಇದ್ದರೆ ಮಾತ್ರ ಮೊದಲು ಪೆನ್‌ಡ್ರೈವನ್ನು ಸ್ಟುಡಿಯೋಗೆ ತನ್ನಿ. ಅದರಲ್ಲಿರುವುದನ್ನು ಮುಟ್ಟದೆ, ಹೊಸ ಹೆಸರಿನ ಇನ್ನೊಂದು ಪ್ರತಿ ಮಾಡಿಕೊಡುತ್ತೇವೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.